ಅತ್ತಿಮಬ್ಬೆಯ ಕಥೆಯಲ್ಲಿ ಹೆಸರುಗಳ ಔಚಿತ್ಯ

ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಕುರಿತ ಕಥೆ, ನಾಟಕಗಳಲ್ಲಿ ವೇಷಭೂಷಣಕ್ಕೆ ತೋರುವ ಕಾಳಜಿಯನ್ನು ಹೆಸರುಗಳಿಗೆ ತೋರುವುದು ಅಪರೂಪ. ಆಕೆಯ ಸಖಿಯನ್ನು 'ಸುನೀತಾ' ಎಂದು ಕರೆದ ಕೂಡಲೇ ಚಾಳುಕ್ಯ ತೈಲಪನ ಕಾಲ ಕರಗಿಹೋಗುತ್ತದೆ.

ಇದಕ್ಕೆ ಲೇಖಕನು ಊಹೆಯ ಮೊರೆಹೋಗಬೇಕಾಗಿಲ್ಲ. ರನ್ನನ ತಾಯಿ ಅಬ್ಬಲಬ್ಬೆ, ಮಡದಿಯರು ಜಕ್ಕಿ ಮತ್ತು ಶಾಂತಿ. ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ. 'ಅಬ್ಬೆ' ಎಂಬ ಕೊನೆ ಗೌರವವನ್ನೂ ಕಾಲವನ್ನೂ ಒಟ್ಟಿಗೆ ಸೂಚಿಸುತ್ತದೆ. ಆದರೆ ಎಲ್ಲ ಸ್ತ್ರೀಪಾತ್ರಗಳಿಗೂ ಅದನ್ನೇ ಅಂಟಿಸಿದರೆ ಓದುಗನು ದಿಕ್ಕುಗೆಡುತ್ತಾನೆ. ಅಕ್ಕತಂಗಿಯರಿಬ್ಬರೂ ನಾಗದೇವನ ಪತ್ನಿಯರು. ಪತಿಯ ಮರಣಾನಂತರ ಗುಂಡಮಬ್ಬೆ ಸಹಗಮನ ಮಾಡಿದಳು, ಅತ್ತಿಮಬ್ಬೆ ಬದುಕುಳಿದು ಧರ್ಮಕಾರ್ಯದಲ್ಲಿ ತೊಡಗಿದಳು. ಇಲ್ಲಿ ಹೆಸರು ಅದಲುಬದಲಾದರೆ ಕಥೆಯೇ ಕೆಡುತ್ತದೆ. ಓದುವ ಕಣ್ಣು ಮೊದಲ ಅಕ್ಷರವನ್ನು ಹಿಡಿಯುತ್ತದೆ. ಆದುದರಿಂದ ಕಲ್ಪಿತ ಪಾತ್ರಗಳಿಗೆ 'ಅ' ಮತ್ತು 'ಗು' ಬಿಟ್ಟು, ಜಕ್ಕಿಯಂತಹ ಕಿರುರೂಪಗಳನ್ನು ಆರಿಸುವುದು ಲೇಸು.

ಮುನಿಗಳ ಹೆಸರಿನಲ್ಲಿ ಪ್ರಮಾದ ಇನ್ನೂ ಗಂಭೀರ. 'ಸಾಗರ' ಎಂಬ ಅಂತ್ಯ ನಮಗೆ ಚಿರಪರಿಚಿತವಾದುದು ಆಚಾರ್ಯ ಶಾಂತಿಸಾಗರರ (1872–1955) ಪರಂಪರೆಯಿಂದ. ಹತ್ತನೆಯ ಶತಮಾನದ ಕನ್ನಡನಾಡಿನಲ್ಲಿ ಸಾಮಾನ್ಯವಾಗಿ ಕಾಣುವುದು ಸೇನ, ನಂದಿ, ಚಂದ್ರ, ಕೀರ್ತಿ. ರನ್ನನಿಗೂ ಚಾವುಂಡರಾಯನಿಗೂ ಗುರುಗಳಾಗಿದ್ದವರು ಅಜಿತಸೇನರು. ಅಂದಿನ ಕಲ್ಪಿತ ಗುರುವಿಗೆ ಇಂದಿನ ಅಂತ್ಯವನ್ನಿತ್ತರೆ, ಶ್ರದ್ಧಾವಂತ ಓದುಗನು ಇಲ್ಲದ ಗುರುಪರಂಪರೆಯೊಂದನ್ನು ನಂಬಿಬಿಡುತ್ತಾನೆ.

ಊರುಗಳ ವಿಷಯದಲ್ಲಿ ತೊಡಕು ಕಡಿಮೆ. ಲಕ್ಕುಂಡಿಯನ್ನು ಲೊಕ್ಕಿಗುಂಡಿ ಎಂದೂ, ರನ್ನನ ಮುಧೋಳವನ್ನು ಮುದುವೊಳಲು ಎಂದೂ ಬರೆಯಬಹುದು. ಧ್ವನಿಸಾಮ್ಯವೇ ದಾರಿ ತೋರುತ್ತದೆ. ಇಂದಿನ ಹೆಸರನ್ನು ಮುನ್ನುಡಿಯಲ್ಲಿ ಒಮ್ಮೆ ಹೇಳಿದರೆ ಸಾಕು. ಒಂದೇ ಊರಿಗೆ ಪುಟಕ್ಕೊಂದು ರೂಪ ಬಳಸುವುದು ಮಾತ್ರ ಸಲ್ಲದು.

ಅತ್ಯಂತ ಕಠಿಣವಾದುದು ಚರಿತ್ರೆಯೇ ಒಡ್ಡಿರುವ ತೊಡಕು. ರನ್ನನು ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟನು: ಒಂದು ಚಾವುಂಡರಾಯನ ನೆನಪಿಗೆ, ಇನ್ನೊಂದು ತನ್ನಿಂದ ಅಜಿತಪುರಾಣವನ್ನು (993) ಬರೆಯಿಸಿದ ಮಹಾತಾಯಿಯ ನೆನಪಿಗೆ. ಹೀಗೆ ಒಂದೇ ಕಥೆಯಲ್ಲಿ ಇಬ್ಬರು ಅತ್ತಿಮಬ್ಬೆಯರು. ಗೊಂದಲಕ್ಕೆ ಹೆದರಿ ಮಗಳ ಹೆಸರನ್ನು ಬದಲಿಸುವುದು ಸುಲಭ. ಆದರೆ ಬಳೆಗಾರರ ಮನೆತನದಲ್ಲಿ ಹುಟ್ಟಿದ ಆ ಕವಿಯ ಕೃತಜ್ಞತೆಯೇ ಅದರೊಡನೆ ಅಳಿಸಿಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ನಾಮಕರಣದ ಪ್ರಸಂಗವನ್ನು ವಿಸ್ತಾರವಾಗಿಯೇ ಚಿತ್ರಿಸಬೇಕು. ಅಲ್ಲಿ ಪೂರ್ಣ ಹೆಸರನ್ನು ಒಮ್ಮೆ ಉಚ್ಚರಿಸಿ, ಮುಂದೆ ಮನೆಯವರ ಬಾಯಲ್ಲಿ ಮಗುವು 'ಅತ್ತಿ' ಆಗಲಿ. 'ಅಬ್ಬೆ' ಎಂಬುದು ಲೊಕ್ಕಿಗುಂಡಿಯ ಆ ತಾಯಿಗೇ ಮೀಸಲಾಗಿರಲಿ.