ಎಣ್ಣೆಯ ಎಸ್‌ಪಿಎಫ್ ಎಲ್ಲಿಂದ ಬಂತು?

ಕೊಬ್ಬರಿ ಎಣ್ಣೆಗೆ ಎಸ್‌ಪಿಎಫ್ 7, ಕ್ಯಾರೆಟ್ ಬೀಜದ ಎಣ್ಣೆಗೆ 38ರಿಂದ 40 ಎಂಬ ಮಾತು ನೈಸರ್ಗಿಕ ಸನ್‌ಸ್ಕ್ರೀನ್‌ಗಳ ಪ್ರಚಾರದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಎರಡೂ ಅಂಕಿಗಳಿಗೆ ಮೂಲವಿದೆ. ಆದರೆ ಮೂಲದಲ್ಲಿರುವುದಕ್ಕೂ ಪ್ರಚಾರಕ್ಕೂ ಬಹಳ ಅಂತರವಿದೆ.

ಎಸ್‌ಪಿಎಫ್ ಅಳೆಯುವುದು ಮನುಷ್ಯರ ಬೆನ್ನಿನ ಮೇಲೆ. ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಲೇಪ ಹಚ್ಚಿ, ನೇರಳಾತೀತ ಕಿರಣ ಹಾಯಿಸಿ, ಚರ್ಮ ಕೆಂಪೇರಲು ಬೇಕಾದ ಪ್ರಮಾಣ ಲೇಪವಿಲ್ಲದ ಚರ್ಮಕ್ಕಿಂತ ಎಷ್ಟು ಪಟ್ಟು ಹೆಚ್ಚು ಎಂದು ನೋಡಲಾಗುತ್ತದೆ. ಕೊಬ್ಬರಿ ಎಣ್ಣೆಯ 7 ಹೀಗೆ ಬಂದದ್ದಲ್ಲ. 2010ರಲ್ಲಿ ‘ಫಾರ್ಮಕಾಗ್ನಸಿ ರಿಸರ್ಚ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಣ್ಣೆಯನ್ನು ನೀರು ಬೆರೆತ ಆಲ್ಕೋಹಾಲಿನಲ್ಲಿ ತೆಳುಮಾಡಿ, ಗಾಜಿನಂಥ ಪುಟ್ಟ ಕೋಶದಲ್ಲಿಟ್ಟು, 290ರಿಂದ 320 ನ್ಯಾನೊಮೀಟರ್‌ವರೆಗಿನ ಕಿರಣ ಎಷ್ಟು ತಡೆಯಲ್ಪಟ್ಟಿತೆಂದು ಅಳೆದರು. ಆ ಅಳತೆಯನ್ನು ಎಸ್‌ಪಿಎಫ್ ಅಂದಾಜಿಸುವ ಮನ್ಸೂರ್ ಸೂತ್ರಕ್ಕೆ ಹಾಕಿದಾಗ ಸಿಕ್ಕ ಉತ್ತರವೇ ಈ 7.

ಆ ಸೂತ್ರದಲ್ಲಿ ಕೊನೆಗೆ 10ರಿಂದ ಗುಣಿಸುವ ಒಂದು ಹೆಜ್ಜೆಯಿದೆ. ಹೋಮೋಸಲೇಟ್ ಎಂಬ ಸನ್‌ಸ್ಕ್ರೀನ್ ರಾಸಾಯನಿಕವನ್ನು ಮಾನದಂಡವಾಗಿಟ್ಟುಕೊಂಡು ಈ 10 ಅನ್ನು ಹೊಂದಿಸಲಾಗಿದೆ. ಹೋಮೋಸಲೇಟ್ ಆಲ್ಕೋಹಾಲಿನಲ್ಲಿ ಕರಗಿ ತಿಳಿಯಾಗುತ್ತದೆ. ಆದರೆ ನೀರು ಬೆರೆತ ಆಲ್ಕೋಹಾಲಿನಲ್ಲಿ ಕೊಬ್ಬರಿ ಎಣ್ಣೆ ಸರಿಯಾಗಿ ಕರಗದು. ಕರಗದ ಎಣ್ಣೆಯ ಹನಿಗಳು ಬೆಳಕನ್ನು ಚದುರಿಸುತ್ತವೆ, ಉಪಕರಣಕ್ಕೆ ಚದುರಿದ ಬೆಳಕೂ ಹೀರಲ್ಪಟ್ಟ ಬೆಳಕಿನಂತೆಯೇ ಕಾಣುತ್ತದೆ. ಹಾಲು ಬೆರೆತ ನೀರು ಮಸುಕಾಗಿ ಕಾಣುವುದೂ ಹೀಗೆಯೇ.

ಎಣ್ಣೆಯ ರಚನೆಯನ್ನು ನೋಡಿದರೂ 7 ನಂಬುವಂತಿಲ್ಲ. ನೇರಳಾತೀತ ಕಿರಣವನ್ನು ಹೀರಲು ಅಣುವಿನಲ್ಲಿ ಒಂದು ಬಿಟ್ಟು ಒಂದರಂತೆ ಬರುವ ಜೋಡಿಬಂಧಗಳ ಸಾಲು ಬೇಕು. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇಕಡಾ 90 ಪರ್ಯಾಪ್ತ ಕೊಬ್ಬು, ಅದರಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ. ಈ ಸರಪಳಿಗಳಲ್ಲಿ ಜೋಡಿಬಂಧವೇ ಇಲ್ಲ, ಹಾಗಾಗಿ ಸುಡುವ ಕಿರಣ ಬಹುತೇಕ ಹಾಗೆಯೇ ದಾಟುತ್ತದೆ. ತೇವ ಹಿಡಿದಿಡುವ ಎಣ್ಣೆಯಾಗಿ ಅದು ಒಳ್ಳೆಯದೇ. ಆ ಗುಣಕ್ಕೂ ಬಿಸಿಲ ತಡೆಗೂ ಸಂಬಂಧವಿಲ್ಲ. 7 ನಿಜವೆಂದೇ ಇಟ್ಟುಕೊಂಡರೂ ಏಳರಲ್ಲೊಂದು ಪಾಲು ಕಿರಣ ಒಳಹೋಗುತ್ತದೆ. 320 ನ್ಯಾನೊಮೀಟರ್ ಆಚೆಯ ಯುವಿಎ ಕಿರಣವನ್ನಂತೂ ಆ ಸೂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕ್ಯಾರೆಟ್ ಬೀಜದ ಕಥೆ ಇನ್ನೂ ದುರ್ಬಲ. 38–40 ಎಂಬ ಅಂಕಿ 2009ರ ‘ಫಾರ್ಮಕಾಗ್ನಸಿ ಮ್ಯಾಗಜಿನ್’ ಲೇಖನದ್ದು. ಅಲ್ಲಿ ಪರೀಕ್ಷಿಸಿದ್ದು ಬರೀ ಎಣ್ಣೆಯನ್ನಲ್ಲ, ಕ್ಯಾರೆಟ್ಟಿನ ಜೊತೆ ಬೇರೆ ಪದಾರ್ಥಗಳೂ ಸೇರಿದ ಸಿದ್ಧ ಕ್ರೀಮನ್ನು. ತಡೆದದ್ದು ಯಾವ ಪದಾರ್ಥವೆಂದು ಆ ಅಂಕಿಯಿಂದ ತಿಳಿಯದು. ಕ್ಯಾರೆಟ್ ಎಂದೊಡನೆ ನೆನಪಾಗುವ ಬೀಟಾ ಕ್ಯಾರೋಟಿನ್ ಕೂಡ ಈ ಎಣ್ಣೆಯಲ್ಲಿಲ್ಲ. ಬೀಜವನ್ನು ಹಬೆಯಲ್ಲಿ ಭಟ್ಟಿ ಇಳಿಸಿ ತೆಗೆಯುವ ಸುಗಂಧ ತೈಲವಿದು. ಆವಿಯಾಗದ ಕ್ಯಾರೋಟಿನ್ ಹಿಂದೆಯೇ ಉಳಿಯುತ್ತದೆ, ಬರುವುದು ಮುಖ್ಯವಾಗಿ ಕ್ಯಾರಟಾಲ್. ಕ್ಯಾರೋಟಿನ್ ಇದ್ದರೂ ಅದು ಹೆಚ್ಚಾಗಿ ಹೀರುವುದು 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕನ್ನು, ಚರ್ಮ ಸುಡುವ ಕಿರಣವನ್ನಲ್ಲ.