ಹತ್ತನೇ ಒಂದು ಪಾಲಿನಲ್ಲಿ ಅರ್ಧ ಮದ್ಯಸಾರ

ಹಳಿಯಾಳದ ಇಐಡಿ ಪ್ಯಾರಿ ಸಕ್ಕರೆ ಕಾರ್ಖಾನೆಗೆ ಡಿಸ್ಟಿಲರಿಯೂ ಉಂಟು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ನೀರಲ್ಲಿ ಕದಡಿ, ಯೀಸ್ಟ್ ಹಾಕಿ ಹುದುಗಿಸಿದರೆ ಸಿಗುವುದನ್ನು ಡಿಸ್ಟಿಲರಿಯವರು ‘ವಾಶ್’ ಎನ್ನುತ್ತಾರೆ. ಅದರಲ್ಲಿ ಮದ್ಯಸಾರ ಎಷ್ಟಿರುತ್ತದೆ? ಸಾಮಾನ್ಯವಾಗಿ ಗಾತ್ರದ ಲೆಕ್ಕದಲ್ಲಿ ನೂರಕ್ಕೆ ಹತ್ತರ ಆಸುಪಾಸು. ಉಳಿದದ್ದೆಲ್ಲ ಹೆಚ್ಚುಕಡಿಮೆ ನೀರೇ. ಈ ವಾರ ನಕ್ಷೆಪ್ರಿಯರ ಮುಂದೆ ಇಡುವ ಪ್ರಶ್ನೆ ಇದು: ಅಂಥ ವಾಶನ್ನು ಮುಚ್ಚಿದ ಪಾತ್ರೆಯಲ್ಲಿ, ಒತ್ತಡ ಒಂದು ವಾಯುಭಾರದಲ್ಲೇ ಇರುವಂತೆ, 95.5 ಡಿಗ್ರಿಗೆ ಕಾಯಿಸಿ ಹಾಗೇ ಬಿಟ್ಟರೆ ಎಷ್ಟು ಪಾಲು ಆವಿ, ಎಷ್ಟು ಪಾಲು ದ್ರವ?

ಮದ್ಯಸಾರ ಮತ್ತು ನೀರಿನ ಕುದಿತದ ನಕ್ಷೆ ತೆಗೆಯಿರಿ. ಅಡ್ಡಕ್ಕೆ ಮದ್ಯಸಾರದ ಪಾಲು, ನೆಟ್ಟಗೆ ಉಷ್ಣತೆ. ಎರಡು ಗೆರೆಗಳು ಮೀನಿನಾಕಾರದಲ್ಲಿ ಬಾಗಿರುತ್ತವೆ. ಕೆಳಗಿನದು ದ್ರವದ ಗೆರೆ, ಮೇಲಿನದು ಆವಿಯ ಗೆರೆ, ನಡುವಿನ ಹೊಟ್ಟೆ ಎರಡೂ ಒಟ್ಟಿಗಿರುವ ಜಾಗ. ನಮ್ಮ ವಾಶಿನ 100 ಮೋಲಿನಲ್ಲಿ ಮದ್ಯಸಾರ ಸುಮಾರು 3.4 ಮೋಲ್. 95.5 ಡಿಗ್ರಿಯಲ್ಲಿ ಅಡ್ಡಗೆರೆ ಎಳೆದರೆ ಅದು ದ್ರವದ ಗೆರೆಯನ್ನು 1.9ರಲ್ಲೂ ಆವಿಯ ಗೆರೆಯನ್ನು 17ರಲ್ಲೂ ಮುಟ್ಟುತ್ತದೆ. 3.4 ಇವೆರಡರ ನಡುವೆ ಬೀಳುವುದರಿಂದಲೇ ಪಾತ್ರೆಯಲ್ಲಿ ದ್ರವವೂ ಆವಿಯೂ ಇವೆ ಎಂದು ಹೇಳಬಹುದು. ಹೊರಗೆ ಬಿದ್ದಿದ್ದರೆ ಮುಂದಿನ ಲೆಕ್ಕವೇ ಬೇಡ.

ಈಗ ಸನ್ನೆಯ ನಿಯಮ. 3.4ನ್ನು ಆಧಾರಬಿಂದು ಎಂದುಕೊಳ್ಳಿ. ದ್ರವದ ಕಡೆಯ ತೋಳು 3.4ರಿಂದ 1.9 ಕಳೆದರೆ 1.5. ಆವಿಯ ಕಡೆಯ ತೋಳು 17ರಿಂದ 3.4 ಕಳೆದರೆ 13.6. ಇಡೀ ಉದ್ದ 15.1. ಸನ್ನೆಕೋಲಿನಲ್ಲಿ ಭಾರವಾದದ್ದು ಆಧಾರಕ್ಕೆ ಹತ್ತಿರವಿದ್ದರೇ ತೂಕ ಕೂಡುವುದು. ಇಲ್ಲಿಯೂ ಹಾಗೇ, ಬಿಂದು ಯಾವ ಗೆರೆಗೆ ಹತ್ತಿರವೋ ಆ ಗೆರೆಯದು ಹೆಚ್ಚು. ಹಾಗಾಗಿ ಆವಿಯ ಪಾಲಿಗೆ ಎದುರಿನ, ಅಂದರೆ ದ್ರವದ ಕಡೆಯ ತೋಳು ಬೇಕು: 1.5ನ್ನು 15.1ರಿಂದ ಭಾಗಿಸಿದರೆ ಹತ್ತರಲ್ಲಿ ಒಂದರಷ್ಟು. ನೂರು ಮೋಲಿನಲ್ಲಿ ಹತ್ತು ಆವಿ, ತೊಂಬತ್ತು ದ್ರವ.

ರುಚಿಯಿರುವುದು ಮುಂದೆ. ಆ ಹತ್ತು ಮೋಲ್ ಆವಿಯಲ್ಲಿ ನೂರಕ್ಕೆ 17, ಅಂದರೆ 1.7 ಮೋಲ್ ಮದ್ಯಸಾರ. ತೊಂಬತ್ತು ಮೋಲ್ ದ್ರವದಲ್ಲಿ ನೂರಕ್ಕೆ 1.9, ಅದೂ 1.7. ಕೂಡಿದರೆ ಮೊದಲಿನ 3.4. ಹತ್ತನೇ ಒಂದು ಪಾಲು ಆವಿಯಾಗುವಷ್ಟರಲ್ಲಿ ಮದ್ಯಸಾರದ ಅರ್ಧ ಮೇಲೇರಿಬಿಟ್ಟಿದೆ!

ಎಡವುವವರು ಎಡವುವುದು ತೋಳುಗಳನ್ನು ಅದಲುಬದಲು ಮಾಡಿ. ಅದನ್ನು ಹಿಡಿಯಲು ಮೇಲಿನ ಕೂಡಿಕೆಯೇ ಸಾಕು. ಆವಿ ತೊಂಬತ್ತು ಎಂದುಕೊಂಡರೆ ಅದರಲ್ಲೇ ಮದ್ಯಸಾರ 15 ಮೋಲ್ ದಾಟುತ್ತದೆ, ಹಾಕಿದ್ದು 3.4, ಉಳಿದದ್ದು ಎಲ್ಲಿಂದ ಬಂತು? ಇನ್ನೊಂದು ತೊಡಕು ಅಳತೆಯದು. ಅಡ್ಡಕ್ಕೆ ಮೋಲ್ ಇಟ್ಟರೆ ಉತ್ತರವೂ ಮೋಲಿನಲ್ಲಿ, ತೂಕ ಇಟ್ಟರೆ ತೂಕದಲ್ಲಿ. ಇದೇ ಲೆಕ್ಕವನ್ನು ತೂಕದಲ್ಲಿ ಮಾಡಿದರೆ ಆವಿ ಹತ್ತಲ್ಲ, ನೂರಕ್ಕೆ 12. ಕಣ್ಣಿನ ಲೆಕ್ಕವಂತೂ ನಂಬಲೇಬಾರದು: ಆ ಹತ್ತು ಮೋಲ್ ಆವಿಗೆ 300 ಲೀಟರ್ ಜಾಗ ಬೇಕು, ತೊಂಬತ್ತು ಮೋಲ್ ದ್ರವ ಎರಡು ಲೀಟರಿನ ಪಾತ್ರೆಯೊಳಗೇ ಹಿಡಿಯುತ್ತದೆ.

ನಕ್ಷೆ ಒಂದು ವಾಯುಭಾರಕ್ಕೆ ಬರೆದದ್ದು ಎಂಬುದನ್ನೂ ಹೇಳಲೇಬೇಕು. ಹಳಿಯಾಳ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಎರಡೂ ಗೆರೆಗಳು ಅಷ್ಟೇ ಕೆಳಗಿಳಿಯುತ್ತವೆ. ಊರಿನ ಗಾಳಿಯ ಒತ್ತಡದಲ್ಲಿ 95.5ಕ್ಕೆ ಕಾಯಿಸಿ, ಪುಸ್ತಕದ ನಕ್ಷೆಯಿಂದ ಓದಿದರೆ ಆವಿಯ ಪಾಲು ಕಡಿಮೆ ಬರೆದಂತಾಗುತ್ತದೆ. ಜೊತೆಗೆ, ನಿಜವಾದ ವಾಶಿನಲ್ಲಿ ಲವಣಗಳೂ ಫ್ಯೂಸೆಲ್ ಎಣ್ಣೆಯೂ ಇರುತ್ತವೆ. ಎರಡೇ ಘಟಕಗಳ ನಕ್ಷೆಗೆ ಅವು ಕಾಣುವುದಿಲ್ಲ.

ಡಿಸ್ಟಿಲೇಶನ್ ಕಾಲಮ್ಮಿನ ತಟ್ಟೆತಟ್ಟೆಯಲ್ಲೂ ಇಂಥ ಬೇರ್ಪಡಿಕೆ ನಡೆಯುತ್ತದೆ. ಮೇಲೇರಿದಂತೆ ಆವಿಯಲ್ಲಿ ಮದ್ಯಸಾರ ಹೆಚ್ಚುತ್ತ ಹೋಗುತ್ತದೆ, ಅಡ್ಡಗೆರೆ ಮೊದಲು ಉದ್ದವಾಗಿ ಆಮೇಲೆ ಗಿಡ್ಡವಾಗುತ್ತ ಬರುತ್ತದೆ. 78.15 ಡಿಗ್ರಿಯಲ್ಲಿ, ಮೋಲ್ ಲೆಕ್ಕದ ನೂರಕ್ಕೆ 89ರ ಬಳಿ, ಎರಡೂ ಗೆರೆಗಳು ಒಂದನ್ನೊಂದು ಮುಟ್ಟುತ್ತವೆ. ತೋಳುಗಳೆರಡೂ ಸೊನ್ನೆ. ಆ ಬಿಂದುವಿನಲ್ಲಿ ದ್ರವ ಎಷ್ಟು, ಆವಿ ಎಷ್ಟು ಎಂದು ಸನ್ನೆಯನ್ನು ಕೇಳಿದರೆ ಉತ್ತರ ಸಿಗುವುದಿಲ್ಲ, ಅದು ಕೊಟ್ಟ ಶಾಖದ ಮೇಲೆ ನಿಂತದ್ದು. ಬರಿಯ ಭಟ್ಟಿಯಿಂದ ಇನ್ನು ಮುಂದೆ ಹೋಗಲಾಗದು. ಪೆಟ್ರೋಲಿಗೆ ಬೆರೆಸುವ ನೀರಿಲ್ಲದ ಎಥೆನಾಲ್ ಬೇಕಾದರೆ ಆವಿಯನ್ನು ಜಿಯೊಲೈಟ್ ಹರಳುಗಳ ಮೇಲೆ ಹಾಯಿಸಿ, ನೀರಿನ ಅಣುಗಳನ್ನು ಅವುಗಳ ಸಣ್ಣ ರಂಧ್ರಗಳಿಗೆ ಹೀರಿಸಬೇಕು.