ಮುಖ ಕೂಡಿಸುವ ಪಾಠ: ವಿವರಣೆ ಗಟ್ಟಿ, ಎಚ್ಚರಿಕೆ ಸಡಿಲ

ಹದಿಹರೆಯದವರಿಗೆ ಡೀಪ್‌ಫೇಕ್ ಬಗ್ಗೆ ಹೇಳಲು ಬರುವವರು ಹೆಚ್ಚಾಗಿ ಹೆದರಿಸುವುದರಿಂದಲೇ ಮಾತು ಶುರುಮಾಡುತ್ತಾರೆ. ಹತ್ತನೇ ತರಗತಿಯೊಂದರ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಕೇಳಿದ ಪಾಠ ಹಾಗಿರಲಿಲ್ಲ. ವಿಜ್ಞಾನದ ಮೇಷ್ಟ್ರು ಮೊದಲು ಮೂವರನ್ನು ಎಬ್ಬಿಸಿ ನಿಲ್ಲಿಸಿದರು. ಒಬ್ಬನ ಕೈಗೆ ಫೋಟೊಗಳು, ಇನ್ನಿಬ್ಬರ ಕೈಗೆ ಸೀಮೆಸುಣ್ಣ. ಫೋಟೊ ಹಿಡಿದವನು ಅದು ಯಾರದ್ದೆಂದು ಹೇಳಕೂಡದು. ತಲೆ ಎಷ್ಟು ಓರೆ, ಬಾಯಿ ಎಷ್ಟು ತೆರೆದಿದೆ, ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂಬುದಷ್ಟೇ ಅವನ ಮಾತು. ಬೋರ್ಡಿನ ಬಳಿ ಇರುವ ಒಬ್ಬನಿಗೆ ರಾಮನ ಮುಖ ಬಿಟ್ಟರೆ ಬೇರೆ ಬರೆಯಲು ಬರುವುದಿಲ್ಲ, ಇನ್ನೊಬ್ಬನಿಗೆ ಭೀಮನದು ಬಿಟ್ಟರೆ ಬರುವುದಿಲ್ಲ. "ಈಗ ರಾಮನ ಫೋಟೊ ನೋಡಿ ಹೇಳು, ಆದರೆ ಬರೆಯೋದು ಭೀಮನ ಕಡೆಯವನು," ಅಂದರು ಮೇಷ್ಟ್ರು. ರಾಮ ನಕ್ಕ ಹಾಗೆಯೇ ನಗುವ ಭೀಮ ಬೋರ್ಡಿನ ಮೇಲೆ ಮೂಡಿದ.

2017ರ ಕೊನೆಯಲ್ಲಿ ಹರಡಿದ ಮುಖಬದಲಿ ತಂತ್ರದ ತಿರುಳು ಇಷ್ಟೇ. ಹೇಳುವವನು ಎನ್‌ಕೋಡರ್, ಬರೆಯುವವರು ಇಬ್ಬರು ಡೀಕೋಡರ್‌ಗಳು. ಇದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಕಂಡಿಲ್ಲ. "ಹೇಳೋಕೂ ಇಬ್ಬರಿದ್ದರೆ ಆಗಲ್ವಾ ಸಾರ್?" ಎಂದು ಒಬ್ಬಳು ಕೇಳಿದಳು. ಮೇಷ್ಟ್ರು ಆ ಪ್ರಶ್ನೆಯನ್ನು ಹಾಗೇ ದಾಟಿಸಿಬಿಟ್ಟರು. ಪಾಠದ ಅತ್ಯುತ್ತಮ ಪ್ರಶ್ನೆ ಅದೇ ಆಗಿತ್ತು. ಇಬ್ಬರಿದ್ದರೆ ಒಬ್ಬೊಬ್ಬರದು ಒಂದೊಂದು ಭಾಷೆಯಾಗಿ, ಒಬ್ಬನ ಮಾತು ಇನ್ನೊಬ್ಬನ ಚಿತ್ರಕಾರನಿಗೆ ತಿಳಿಯುತ್ತಿರಲಿಲ್ಲ. ಎರಡೂ ಮುಖಗಳಿಗೆ ಒಬ್ಬನೇ ಹೇಳುಗ ಇರುವುದರಿಂದಲೇ ಅದಲುಬದಲು ಸಾಧ್ಯ.

ಕುರುಹುಗಳನ್ನೂ ಅವರು ಈ ಆಟದಿಂದಲೇ ಹೊರಡಿಸಿದರು. ಮುಖ ಪೂರ್ತಿ ಪಕ್ಕಕ್ಕೆ ತಿರುಗಿದರೆ, ಕೈ ಅಡ್ಡ ಬಂದರೆ ಹೇಳುವವನು ತಡವರಿಸುತ್ತಾನೆ, ಹಾಕಿದ ಮುಖ ಜಾರುತ್ತದೆ. 2023ರ ನವೆಂಬರಿನಲ್ಲಿ ಹರಿದಾಡಿದ, ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಹೆಸರಿನ ಲಿಫ್ಟ್ ವಿಡಿಯೊವನ್ನು ಉದಾಹರಣೆಗೆ ತೆಗೆದುಕೊಂಡರು. ದೇಹ ಬೇರೊಬ್ಬ ಬ್ರಿಟಿಷ್-ಭಾರತೀಯ ಮಹಿಳೆಯದು. ಆಕೆ ಲಿಫ್ಟಿನೊಳಗೆ ಬರುವ ಆರಂಭದ ಕ್ಷಣದಲ್ಲಿ ಆಕೆಯದೇ ಮುಖವಿದೆ, ಮರುಗಳಿಗೆಯಲ್ಲಿ ಅದು ರಶ್ಮಿಕಾ ಅವರದಾಗುತ್ತದೆ. ಮೇಷ್ಟ್ರು ವಿಡಿಯೊ ತೋರಿಸದೆ ಬಾಯಿಮಾತಿನಲ್ಲೇ ಮುಗಿಸಿದ್ದು ಮೆಚ್ಚಬೇಕಾದ ಸಂಯಮ.

ಪಾಠ ಸಡಿಲವಾಗುವುದು ಇಲ್ಲಿಂದ ಮುಂದೆ. ಸುಳ್ಳು ಮುಖಗಳು ಕಣ್ಣು ಮಿಟುಕಿಸುವುದಿಲ್ಲ ಎಂದು ಅವರು ಬರೆಸಿದರು. ತರಬೇತಿಗೆ ಕೊಟ್ಟ ಫೋಟೊಗಳಲ್ಲಿ ಕಣ್ಣು ಮುಚ್ಚಿದವು ಕಡಿಮೆ ಇದ್ದುದರಿಂದ ಹಾಗಾಗುತ್ತಿತ್ತು ಎಂಬುದನ್ನು ಸಂಶೋಧಕರು 2018ರಲ್ಲಿ ತೋರಿಸಿದ್ದು ನಿಜ. ಆದರೆ ಅಂಥ ಫೋಟೊಗಳನ್ನೂ ಸೇರಿಸಿದ ಕೂಡಲೇ ಆ ಕುರುಹು ಮಾಯವಾಯಿತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಹುಡುಗಿ ನಾಳೆ ಕಣ್ಣು ಮಿಟುಕಿಸುವ ಸುಳ್ಳನ್ನು ನಿಜವೆಂದು ನಂಬುತ್ತಾಳೆ. ಏನೂ ತಿಳಿಯದವಳಿಗಾದರೆ ಅನುಮಾನವಾದರೂ ಉಳಿದಿರುತ್ತಿತ್ತು. ಮುಖದಲ್ಲಿ ದೋಷ ಹುಡುಕುವುದಕ್ಕಿಂತ ಈ ವಿಡಿಯೊ ಮೊದಲು ಎಲ್ಲಿ ಬಂತು, ಯಾರು ಹಾಕಿದರು ಎಂದು ಕೇಳುವುದನ್ನು ಕಲಿಸಬೇಕಿತ್ತು. ಲಿಫ್ಟ್ ವಿಡಿಯೊದ ಬಣ್ಣ ಬಯಲಾದದ್ದೂ ಮೂಲ ವಿಡಿಯೊ ಸಿಕ್ಕಿದ್ದರಿಂದ.

"ಹೆಣ್ಣುಮಕ್ಕಳು ಫೋಟೊ ಹಾಕೋದು ಕಡಿಮೆ ಮಾಡಿ" ಎಂಬ ಮಾತಂತೂ ಈಗ ಹಳತಾದ ವಿಧಾನವನ್ನೇ ನಂಬಿಕೊಂಡಿದೆ. ಆಟದಲ್ಲಿ ತೋರಿಸಿದ ವಿಧಾನಕ್ಕೆ ಒಬ್ಬರದೇ ನೂರಾರು ಫೋಟೊ ಬೇಕಿತ್ತು. ಈಚಿನ ಸಾಧನಗಳು ಲೆಕ್ಕವಿಲ್ಲದಷ್ಟು ಬೇರೆಯವರ ಮುಖಗಳಿಂದ ಮೊದಲೇ ಕಲಿತು ಬಂದಿರುತ್ತವೆ, ಅವಕ್ಕೆ ಒಂದೇ ಫೋಟೊ ಸಾಕು. ವಾರ್ಷಿಕೋತ್ಸವದ ಗುಂಪು ಚಿತ್ರದಿಂದ ಕತ್ತರಿಸಿಕೊಂಡರೂ ಆದೀತು. ಹಾಗಿರುವಾಗ ಫೋಟೊ ಹಾಕಿದವಳ ಮೇಲೆ ಹೊಣೆ ಹೊರಿಸಿ, ಪಕ್ಕದ ಸಾಲಿನಲ್ಲಿ ನಗುತ್ತ ಕುಳಿತ ಹುಡುಗರಿಗೆ ಒಂದು ಮಾತೂ ಹೇಳದೆ ಬಿಟ್ಟದ್ದು ಈ ಪಾಠದ ದೊಡ್ಡ ಕೊರತೆ. ಸಹಪಾಠಿಯ ಮುಖವಿಟ್ಟು ಅಶ್ಲೀಲ ಚಿತ್ರ ಮಾಡುವುದು ತಮಾಷೆಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮು ಮಕ್ಕಳ ಅಂಥ ಚಿತ್ರವನ್ನು ಹಂಚುವುದನ್ನಷ್ಟೇ ಅಲ್ಲ, ಸೃಷ್ಟಿಸುವುದನ್ನೂ ಅಪರಾಧ ಎನ್ನುತ್ತದೆ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ಮಾಡಿದವನು ಹದಿನೆಂಟರೊಳಗಿನವನಾದರೆ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕು.

ಈ ಪಾಠ ಬೇರೆ ಶಾಲೆಗಳಿಗೂ ಹೋಗಬೇಕು. ಆದರೆ ಮೇಷ್ಟ್ರು ಕಣ್ಣು ಮಿಟುಕಿಸುವ ಭಾಗವನ್ನು ತೆಗೆದು, ಆ ಜಾಗದಲ್ಲಿ ಚಿತ್ರಕ್ಕೆ ಬಲಿಯಾದವರು ಏನು ಮಾಡಬೇಕೆಂಬುದನ್ನು ಸೇರಿಸಲಿ. cybercrime.gov.in ನಲ್ಲಿ ದೂರು ಕೊಡಬಹುದು, ಮಕ್ಕಳ ಸಹಾಯವಾಣಿ 1098. ಹದಿನೆಂಟರೊಳಗಿನವರಿಗೆ takeitdown.ncmec.org ಎಂಬ ಉಚಿತ ಸೇವೆಯಿದೆ. ಅದು ಚಿತ್ರವನ್ನು ಕೇಳುವುದಿಲ್ಲ. ಚಿತ್ರದ ಗುರುತಿನ ಸಂಖ್ಯೆಯನ್ನು ನಮ್ಮ ಮೊಬೈಲಿನಲ್ಲೇ ತಯಾರಿಸಿ, ಸೇವೆಯಲ್ಲಿ ಸೇರಿಕೊಂಡಿರುವ ಜಾಲತಾಣಗಳಿಗೆ ಆ ಸಂಖ್ಯೆಯನ್ನಷ್ಟೇ ಕಳಿಸುತ್ತದೆ.